ಎಕ್ಸ್‌ಪೈರಿಯ ದಿನದ ಕೊನೆಯ ಅರ್ಧ ಗಂಟೆ: ನಿಫ್ಟಿ ಆಪ್ಷನ್ ಪ್ರೀಮಿಯಂ ಏಕೆ ಕುಸಿಯುತ್ತದೆ, ಚಾರ್ಟಿನ ಮಟ್ಟ ಏಕೆ ಕೈಕೊಡುತ್ತದೆ

(ಷೇರುಪೇಟೆಯ ಆಸಕ್ತರಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಂಗಳವಾರ ಮಧ್ಯಾಹ್ನ 3 ಗಂಟೆ 25 ನಿಮಿಷ. ನಿಫ್ಟಿ ಪರದೆಯ ಮೇಲೆ 25,120 ತೋರಿಸುತ್ತಿದೆ. ಅದೇ ದಿನ ಮುಗಿಯಲಿರುವ 25,100ರ ಕಾಲ್ ಆಪ್ಷನ್, ಅಂದರೆ ಸೂಚ್ಯಂಕ 25,100 ಎಂಬ ಸ್ಟ್ರೈಕ್‌ಗಿಂತ ಎಷ್ಟು ಮೇಲೆ ಮುಗಿಯುತ್ತದೋ ಅಷ್ಟು ಹಣ ಕೊಡುವ ಒಪ್ಪಂದ, ಮುಕ್ಕಾಲು ರೂಪಾಯಿಗೆ ಮಾರಾಟವಾಗುತ್ತಿದೆ. ಸೂಚ್ಯಂಕವು ಸ್ಟ್ರೈಕ್‌ಗಿಂತ 20 ಅಂಕ ಮೇಲಿದೆ, ಅಂದಮೇಲೆ ಕಾಲ್‌ನ ಬೆಲೆ ಕನಿಷ್ಠ 20 ರೂಪಾಯಿ ಇರಬೇಕಲ್ಲವೇ, ಮಾರುವವರಿಗೆ ಬುದ್ಧಿ ಇಲ್ಲವೇ ಎಂದು ಹೊಸಬರು ಕೇಳುತ್ತಾರೆ. ಕೆಲವರು ಕೇಳುವುದನ್ನು ಬಿಟ್ಟು ನೇರವಾಗಿ ಕೊಂಡೇಬಿಡುತ್ತಾರೆ. ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಏಕೆಂದರೆ ಒಪ್ಪಂದದ ಅವಧಿ ಮುಗಿಯುವ ಎಕ್ಸ್‌ಪೈರಿಯ ದಿನ ಆಪ್ಷನ್‌ನ ಬೆಲೆಯಾದ ಪ್ರೀಮಿಯಂ ಕುಸಿಯುವ ಬಗೆಯೂ, ಆ ದಿನ ಚಾರ್ಟಿನಲ್ಲಿ ಆಸರೆ ಮತ್ತು ತಡೆ ಎನ್ನಿಸುವ ಸಪೋರ್ಟ್ ಮತ್ತು ರೆಸಿಸ್ಟೆನ್ಸ್‌ಗಳು ಬೇರೆಯಾಗಿ ವರ್ತಿಸುವ ಬಗೆಯೂ ಬಹುಮಟ್ಟಿಗೆ ಇದರ ಉತ್ತರದಲ್ಲಿಯೇ ಅಡಗಿವೆ.

ಮೊದಲು ಒಪ್ಪಂದದ ಸ್ವರೂಪವನ್ನು ನೋಡೋಣ. ಎನ್‌ಎಸ್‌ಇಯ ನಿಫ್ಟಿ ಆಪ್ಷನ್‌ಗಳು ಯುರೋಪಿಯನ್ ಮಾದರಿಯವು, ಅಂದರೆ ಅವಧಿ ಮುಗಿಯುವ ದಿನವಲ್ಲದೆ ನಡುವೆ ಅವುಗಳನ್ನು ಚಲಾಯಿಸಲು ಬರುವುದಿಲ್ಲ. ಇತ್ಯರ್ಥ ನಗದಿನಲ್ಲಿ ಆಗುತ್ತದೆ, ಷೇರುಗಳು ಕೈ ಬದಲಾಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ವಾರದ ಎಕ್ಸ್‌ಪೈರಿ ಗುರುವಾರದ ಬದಲು ಮಂಗಳವಾರ ಬರುತ್ತಿದೆ. 2024ರ ಅಕ್ಟೋಬರ್ 1ರ ಸೆಬಿ ಸುತ್ತೋಲೆಯ ನಂತರ ಪ್ರತಿ ವಿನಿಮಯ ಕೇಂದ್ರಕ್ಕೂ ಒಂದೇ ಸೂಚ್ಯಂಕದ ವಾರದ ಆಪ್ಷನ್ ಉಳಿದಿರುವುದರಿಂದ ಎನ್‌ಎಸ್‌ಇಯಲ್ಲಿ ಆ ಗದ್ದಲವೆಲ್ಲ ನಿಫ್ಟಿಯ ಮೇಲೆಯೇ ಬಂದು ಬಿದ್ದಿದೆ. ಇವೆಲ್ಲ ಹೆಚ್ಚಿನವರಿಗೆ ಗೊತ್ತಿರುವ ಸಂಗತಿಗಳು. ಆದರೆ ಇತ್ಯರ್ಥದ ಬೆಲೆಯನ್ನು ನಿಗದಿಪಡಿಸುವ ರೀತಿಯನ್ನು ಎಲ್ಲರೂ ಅಷ್ಟು ಎಚ್ಚರಿಕೆಯಿಂದ ಓದಿರುವುದಿಲ್ಲ. ಅದು 3.30ಕ್ಕೆ ಪರದೆಯ ಮೇಲೆ ಮಿನುಗಿದ ಕೊನೆಯ ಅಂಕಿ ಅಲ್ಲ. ನಿಫ್ಟಿಯಲ್ಲಿರುವ ಒಂದೊಂದು ಷೇರಿನ ಮುಕ್ತಾಯ ಬೆಲೆಯನ್ನೂ 3.00ರಿಂದ 3.30ರವರೆಗೆ ನಡೆದ ಎಲ್ಲ ವಹಿವಾಟುಗಳ ಪ್ರಮಾಣಾನುಸಾರ ಸರಾಸರಿಯಾಗಿ ಲೆಕ್ಕ ಹಾಕಿ, ಆ ಮುಕ್ತಾಯ ಬೆಲೆಗಳಿಂದ ಸೂಚ್ಯಂಕದ ಮುಕ್ತಾಯವನ್ನು ಪಡೆಯಲಾಗುತ್ತದೆ. ಆಪ್ಷನ್ ಇತ್ಯರ್ಥವಾಗುವುದು ಆ ಸರಾಸರಿಗೆ.

ಇದರ ಪರಿಣಾಮವನ್ನು ಅಳೆಯುವ ಮೊದಲು ಪ್ರೀಮಿಯಂ ಎಂದರೆ ಏನು ಎನ್ನುವುದನ್ನು ಅಂಕಿಗಳಲ್ಲಿ ಇಟ್ಟುಕೊಳ್ಳಬೇಕು. ನಿಫ್ಟಿ 25,000ದ ಆಸುಪಾಸಿನಲ್ಲಿದೆ, ಆಪ್ಷನ್ ಬೆಲೆಗಳಲ್ಲಿ ಅಡಗಿರುವ ಏರಿಳಿತದ ಅಂದಾಜು, ಅಂದರೆ ಇಂಪ್ಲೈಡ್ ವೊಲಟಿಲಿಟಿ, ಶೇ 12 ಇದೆ ಎಂದುಕೊಳ್ಳಿ. ವರ್ಷದ ಈ ಅಂಕಿಯನ್ನು 252 ವಹಿವಾಟು ದಿನಗಳ ವರ್ಗಮೂಲದಿಂದ ಭಾಗಿಸಿದರೆ ಒಂದು ದಿನಕ್ಕೆ ಸುಮಾರು ಶೇ 0.76, ಅಂದರೆ ಸರಿಸುಮಾರು 190 ಅಂಕಗಳ ಏರಿಳಿತ ಎಂದು ಮಾರುಕಟ್ಟೆ ಅಂದಾಜಿಸುತ್ತಿದೆ ಎಂದರ್ಥ. ಸೂಚ್ಯಂಕ ಎಲ್ಲಿದೆಯೋ ಅಲ್ಲಿಯೇ ಸ್ಟ್ರೈಕ್ ಇರುವ ಆಪ್ಷನ್, ಅಂದರೆ ನಾವು ಎಟಿಎಂ ಎನ್ನುವ ಆಪ್ಷನ್, ಉಳಿದ ಅವಧಿಯ ನಿರೀಕ್ಷಿತ ಏರಿಳಿತದ ಸುಮಾರು ಶೇ 40ರಷ್ಟು ಬೆಲೆ ಬಾಳುತ್ತದೆ. ಡೆಲ್ಟಾ, ಗಾಮಾ ಮುಂತಾಗಿ ಗ್ರೀಕ್ ಹೆಸರಿನ ಅಳತೆಗಳನ್ನೆಲ್ಲ ಬಾಯಿಪಾಠ ಮಾಡುವುದಕ್ಕಿಂತ ಇದೊಂದನ್ನು ನೆನಪಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ ಎನ್ನುವುದು ನನ್ನ ಅಭಿಪ್ರಾಯ. ಉಳಿದ ಅವಧಿಯ ಏರಿಳಿತವು ಉಳಿದ ನಿಮಿಷಗಳ ವರ್ಗಮೂಲಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಆದ್ದರಿಂದ ಸಮಯ ನಾಲ್ಕನೇ ಒಂದು ಭಾಗಕ್ಕೆ ಇಳಿದಾಗ ಪ್ರೀಮಿಯಂ ಅರ್ಧಕ್ಕೆ ಇಳಿದಿರುತ್ತದೆ. ಮೊದಮೊದಲು ನಿಧಾನವಾಗಿ ಕರಗುವ ಪ್ರೀಮಿಯಂ ಕೊನೆಗೆ ಧುಮುಕುವುದು ಇದರಿಂದಲೇ.

ಸರಾಸರಿಯ ನಿಯಮ ಪ್ರವೇಶಿಸುವುದು ಇಲ್ಲಿ. 3 ಗಂಟೆಗೆ ಇನ್ನೂ 30 ನಿಮಿಷ ಬಾಕಿ ಇದೆ ಎಂದು ಗಡಿಯಾರ ಹೇಳುತ್ತದೆ. ಆದರೆ ಆ 30 ನಿಮಿಷಗಳ ಏರಿಳಿತ ಪೂರ್ತಿಯಾಗಿ ಇತ್ಯರ್ಥದ ಬೆಲೆಗೆ ಸೇರುವುದಿಲ್ಲ. 3.01ಕ್ಕೆ ಸೂಚ್ಯಂಕ 10 ಅಂಕ ಜಿಗಿದು ಅಲ್ಲಿಯೇ ನಿಂತರೆ ಸರಾಸರಿಯೂ ಹೆಚ್ಚುಕಡಿಮೆ 10 ಅಂಕ ಏರುತ್ತದೆ. ಅದೇ ಜಿಗಿತ 3.15ಕ್ಕೆ ಆದರೆ ಸರಾಸರಿಗೆ ಸೇರುವುದು 5 ಅಂಕ, 3.27ಕ್ಕೆ ಆದರೆ ಒಂದೇ ಅಂಕ. ಈ ತೂಕಗಳ ವರ್ಗಗಳನ್ನು ಕೂಡಿಸಿ ನೋಡಿದರೆ ಸರಾಸರಿ ತೆಗೆಯುವ 30 ನಿಮಿಷಗಳು ಆಪ್ಷನ್‌ನ ಲೆಕ್ಕದಲ್ಲಿ ಕೇವಲ 10 ನಿಮಿಷಗಳಿಗೆ ಸಮ ಎಂದು ಬರುತ್ತದೆ. 3.15ಕ್ಕೆ ಬಂದಾಗ ಸರಾಸರಿಯ ಅರ್ಧ ಭಾಗ ಆಗಲೇ ಬರೆದು ಮುಗಿದಿರುತ್ತದೆ, ಉಳಿದ 15 ನಿಮಿಷಗಳು ಒಂದೂಕಾಲು ನಿಮಿಷಕ್ಕೆ ಸಮವಾಗಿರುತ್ತವೆ. ಗಡಿಯಾರದ ನಿಮಿಷಕ್ಕೂ ಆಪ್ಷನ್‌ನ ನಿಮಿಷಕ್ಕೂ ಇಷ್ಟು ಅಂತರ.

ಈ ಲೆಕ್ಕದಂತೆ ಎಟಿಎಂ ಆಪ್ಷನ್ ಬೆಳಿಗ್ಗೆ 9.15ಕ್ಕೆ ಸುಮಾರು 74 ರೂಪಾಯಿ, ಮಧ್ಯಾಹ್ನ 12.15ಕ್ಕೆ 52, 2 ಗಂಟೆಗೆ 33, 3 ಗಂಟೆಗೆ 12, 3.15ಕ್ಕೆ 4 ರೂಪಾಯಿ 40 ಪೈಸೆ ಬಾಳಬೇಕು. ಬೆಳಗಿನ ಮೂರು ಗಂಟೆಗಳಲ್ಲಿ 22 ರೂಪಾಯಿ ಕರಗಿತು, ನಂತರದ ಎರಡೂಮುಕ್ಕಾಲು ಗಂಟೆಗಳಲ್ಲಿ 40 ರೂಪಾಯಿ ಕರಗಿತು. ಇತ್ಯರ್ಥ ಸರಾಸರಿಗೆ ಆಗದೆ 3.30ರ ಕೊನೆಯ ಬೆಲೆಗೆ ಆಗುತ್ತಿದ್ದರೆ 3 ಗಂಟೆಗೆ ಇದೇ ಆಪ್ಷನ್ 21 ರೂಪಾಯಿಯಷ್ಟು, 3.15ಕ್ಕೆ 15 ರೂಪಾಯಿಯಷ್ಟು ಇರುತ್ತಿತ್ತು. ಎರಡು ಗಂಟೆಯ ನಂತರ ಯಾರೋ ಪ್ರೀಮಿಯಂ ಅನ್ನು ಬೇಕೆಂದೇ ಒತ್ತುತ್ತಿದ್ದಾರೆ ಎಂದು ಅನೇಕರಿಗೆ ಅನ್ನಿಸುತ್ತದೆ. ಆ ಅನಿಸಿಕೆಯ ಬಹುಪಾಲು ಈ ಲೆಕ್ಕದಲ್ಲಿಯೇ ಕರಗಿಹೋಗುತ್ತದೆ.

ಬಹುಪಾಲು ಎಂದೆನೇ ಹೊರತು ಪೂರ್ತಿ ಎನ್ನಲಿಲ್ಲ. ಏಕೆಂದರೆ ಹಠಾತ್ ಕುಸಿತಕ್ಕೆ ಇನ್ನೊಂದು ಕಾರಣವಿದೆ, ಅದಕ್ಕೆ ಗಡಿಯಾರದ ಹಂಗಿಲ್ಲ. ಬೆಳಿಗ್ಗೆ ಮಾರುಕಟ್ಟೆ 190 ಅಂಕಗಳ ದಿನ ಎಂದು ಬೆಲೆ ಕಟ್ಟಿರುತ್ತದೆ. ಹನ್ನೊಂದೂಕಾಲಿನ ಹೊತ್ತಿಗೂ ಸೂಚ್ಯಂಕ 40 ಅಂಕಗಳ ಓಣಿಯಲ್ಲಿಯೇ ಓಡಾಡುತ್ತಿದ್ದರೆ, ಅಥವಾ ಎಲ್ಲರೂ ಕಾದಿದ್ದ ಸುದ್ದಿ ಸಪ್ಪೆಯಾಗಿ ಹೊರಬಿದ್ದರೆ, ಇದು 140 ಅಂಕಗಳ ದಿನ ಎಂದು ಅಂದಾಜು ಬದಲಾಗುತ್ತದೆ. ಆಗ 60 ರೂಪಾಯಿ ಇದ್ದ ಎಟಿಎಂ ಆಪ್ಷನ್ ಕೆಲವೇ ನಿಮಿಷಗಳಲ್ಲಿ 44ಕ್ಕೆ ಇಳಿಯುತ್ತದೆ. ಇದನ್ನು ಗುರುತಿಸುವುದು ಸುಲಭ: ಸೂಚ್ಯಂಕ ಅಲುಗಾಡದೆ ಇರುವಾಗ ಒಂದೇ ಸ್ಟ್ರೈಕಿನ ಕಾಲ್ ಮತ್ತು ಸೂಚ್ಯಂಕ ಇಳಿದರೆ ಲಾಭ ಕೊಡುವ ಪುಟ್ ಎರಡೂ ಒಟ್ಟಿಗೆ ಇಳಿದರೆ, ಅದೂ ಗಡಿಯಾರ ಹೇಳುವುದಕ್ಕಿಂತ ವೇಗವಾಗಿ ಇಳಿದರೆ, ಬದಲಾದದ್ದು ಏರಿಳಿತದ ಅಂದಾಜು. ಕಾಲ್ ಇಳಿದು ಪುಟ್ ಏರಿದರೆ ಅದು ಸೂಚ್ಯಂಕದ ದಿಕ್ಕಿನ ಮಾತು. ಎರಡನ್ನೂ ಕೂಡಿಸಿದ ಸ್ಟ್ರಾಡಲ್ ಬೆಲೆಯನ್ನು ಒಂದು ಕಾಗದದ ಮೇಲೆ ಅರ್ಧ ಗಂಟೆಗೊಮ್ಮೆ ಬರೆದಿಟ್ಟವರಿಗೆ ಈ ವ್ಯತ್ಯಾಸ ಯಾವ ಇಂಡಿಕೇಟರ್ ಇಲ್ಲದೆಯೂ ಕಾಣುತ್ತದೆ.

ಈಗ ಆರಂಭದ 25,100ರ ಕಾಲ್‌ಗೆ ಬರೋಣ. ಇದು ನಾನು ಲೆಕ್ಕಕ್ಕಾಗಿ ಕಟ್ಟಿದ ದಿನ, ನಡೆದ ದಿನವಲ್ಲ. ಆದರೆ ಇಂಥ ಮಂಗಳವಾರಗಳು ಅಪರೂಪವೇನಲ್ಲ. ಮಧ್ಯಾಹ್ನ 1.30ಕ್ಕೆ ನಿಫ್ಟಿ 25,020ರಲ್ಲಿದೆ. ಸೋಮವಾರದ ಗರಿಷ್ಠ ಮಟ್ಟ 25,060, ಅದನ್ನೇ ಎಲ್ಲರೂ ರೆಸಿಸ್ಟೆನ್ಸ್ ಎಂದು ಚಾರ್ಟಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದಾರೆ. ದಿನಕ್ಕೆ 190 ಅಂಕ ಎನ್ನುವ ಅಂದಾಜನ್ನೇ ಉಳಿಸಿಕೊಂಡರೆ ಆಗ 25,100ರ ಕಾಲ್‌ನ ಬೆಲೆ ಸುಮಾರು 11 ರೂಪಾಯಿ 40 ಪೈಸೆ. 2.40ಕ್ಕೆ ಸೂಚ್ಯಂಕ 25,060ನ್ನು ದಾಟಿ 25,070ಕ್ಕೆ ಬರುತ್ತದೆ. ಬ್ರೇಕ್‌ಔಟ್ ಆಯಿತು. ಎಪ್ಪತ್ತು ನಿಮಿಷಗಳಲ್ಲಿ 50 ಅಂಕಗಳ ಏರಿಕೆ, ಅದೂ ಕೊಂಡವರಿಗೆ ಬೇಕಾದ ದಿಕ್ಕಿನಲ್ಲಿಯೇ. ಕಾಲ್‌ನ ಬೆಲೆ 9 ರೂಪಾಯಿ 70 ಪೈಸೆ! ಸೂಚ್ಯಂಕ 80 ಅಂಕ ದೂರದಿಂದ 30 ಅಂಕ ದೂರಕ್ಕೆ ಬಂದಿತಾದರೂ, ಉಳಿದ ಅವಧಿಯ ನಿರೀಕ್ಷಿತ ಏರಿಳಿತವು 98 ಅಂಕದಿಂದ 54ಕ್ಕೆ ಕುಗ್ಗಿತು. ಗೆರೆ ದಾಟಿದ ಲಾಭವನ್ನು ಸಮಯ ನುಂಗಿಹಾಕಿತು.

ಬ್ರೇಕ್‌ಔಟ್ ನೋಡಿ 2.40ಕ್ಕೆ ಕೊಂಡವನ ಕಥೆ ಇಲ್ಲಿಂದ ಶುರುವಾಗುತ್ತದೆ. 3 ಗಂಟೆಗೆ ನಿಫ್ಟಿ 25,085. ಕಾಲ್ 6 ರೂಪಾಯಿ 30 ಪೈಸೆ. ಮುಂದಿನ ಕಾಲು ಗಂಟೆ ಸೂಚ್ಯಂಕ ಅಲ್ಲಿಯೇ ಸುತ್ತಾಡುತ್ತದೆ, ಅಂದರೆ ಸರಾಸರಿಯ ಮೊದಲ ಅರ್ಧಭಾಗ 25,085 ಎಂದು ಬರೆದಾಯಿತು. 3.15ಕ್ಕೆ ಸೂಚ್ಯಂಕ ಸರಕ್ಕನೆ 25,110ಕ್ಕೆ ಏರಿ ಸ್ಟ್ರೈಕ್ ಅನ್ನು ದಾಟುತ್ತದೆ. ಕೊಂಡವನು ಗೆದ್ದೆ ಎಂದುಕೊಳ್ಳುತ್ತಾನೆ. ಆದರೆ ಆಪ್ಷನ್ ನೋಡುವುದು 25,110ನ್ನು ಅಲ್ಲ. ಅರ್ಧ ಭಾಗ 25,085, ಇನ್ನರ್ಧ ಭಾಗ 25,110ರಲ್ಲಿಯೇ ಉಳಿಯಬಹುದು ಎಂದರೂ ನಿರೀಕ್ಷಿತ ಇತ್ಯರ್ಥ ಬೆಲೆ 25,097 ಅಥವಾ 25,098. ಅದು ಸ್ಟ್ರೈಕ್‌ಗಿಂತ ಕೆಳಗಿದೆ. ಕಾಲ್‌ನ ಬೆಲೆ 3 ರೂಪಾಯಿ 20 ಪೈಸೆ. ನಂತರದ ಹತ್ತು ನಿಮಿಷ ಸೂಚ್ಯಂಕ ಸರಾಸರಿ 25,112ರಲ್ಲಿದ್ದು, 3.25ಕ್ಕೆ 25,120ಕ್ಕೆ ಏರಿ, ಮುಕ್ತಾಯದವರೆಗೂ ಅಲ್ಲಿಯೇ ನಿಲ್ಲುತ್ತದೆ. ಕೂಡಿಸಿ ಭಾಗಿಸಿದರೆ ಬರುವುದು 25,099.83. ಕಾಲ್ ಶೂನ್ಯಕ್ಕೆ ಮುಗಿಯುತ್ತದೆ. ಪರದೆಯ ಮೇಲೆ ಮಾತ್ರ ಕೊನೆಯವರೆಗೂ 25,120.

ಈ ಉದಾಹರಣೆಯಲ್ಲಿ ಚಾರ್ಟ್ ಎಲ್ಲಿಯೂ ಸುಳ್ಳು ಹೇಳಲಿಲ್ಲ ಎನ್ನುವುದನ್ನು ಗಮನಿಸಬೇಕು. 25,060ರ ಬ್ರೇಕ್‌ಔಟ್ ನಿಜವಾಗಿತ್ತು, 25,100ರ ಬ್ರೇಕ್‌ಔಟೂ ನಿಜವಾಗಿತ್ತು, ಸೂಚ್ಯಂಕ ಹಿಂದಕ್ಕೂ ಬರಲಿಲ್ಲ. ಮೂರು ಗಂಟೆಯ ನಂತರ ಸೂಚ್ಯಂಕದ ಚಾರ್ಟು ಮತ್ತು ಆಪ್ಷನ್ ಎರಡು ಬೇರೆ ಬೇರೆ ಅಂಕಿಗಳ ಮೇಲೆ ನಿಂತಿದ್ದವು, ಅಷ್ಟೇ. ಆ ಹೊತ್ತಿನಲ್ಲಿ 25,100 ಎನ್ನುವ ಮಟ್ಟವನ್ನು ಸರಾಸರಿ ದಾಟಬೇಕು. ಸರಾಸರಿಯನ್ನು ದಾಟಿಸಬೇಕೆಂದರೆ, ತಡವಾದಷ್ಟೂ ಸೂಚ್ಯಂಕ ಅದಕ್ಕಿಂತ ಬಹಳ ಮೇಲಕ್ಕೆ ಹೋಗಬೇಕು. ಕೊನೆಯ ಓವರಿನಲ್ಲಿ ಎರಡು ಸಿಕ್ಸರ್ ಬಿದ್ದ ಮಾತ್ರಕ್ಕೆ ಇಡೀ ಇನಿಂಗ್ಸಿನ ರನ್‌ರೇಟ್ ಹೇಗೆ ಹೆಚ್ಚು ಏರುವುದಿಲ್ಲವೋ ಹಾಗೆ.

ಈ ಲೆಕ್ಕವನ್ನು ನಂಬಬೇಕಾಗಿಲ್ಲ, ಪರದೆಯ ಮೇಲೆಯೇ ಪರೀಕ್ಷಿಸಬಹುದು. ಯಾವುದೇ ಸ್ಟ್ರೈಕ್ ತೆಗೆದುಕೊಂಡು ಅದಕ್ಕೆ ಕಾಲ್‌ನ ಬೆಲೆಯನ್ನು ಕೂಡಿಸಿ ಪುಟ್‌ನ ಬೆಲೆಯನ್ನು ಕಳೆದರೆ ಬರುವ ಅಂಕಿಯೇ ಆ ಕ್ಷಣದಲ್ಲಿ ಮಾರುಕಟ್ಟೆ ಎಣಿಸುತ್ತಿರುವ ಇತ್ಯರ್ಥ ಬೆಲೆ. ಎಕ್ಸ್‌ಪೈರಿಯ ದಿನ ಮಧ್ಯಾಹ್ನದ ಹೊತ್ತಿಗೆ ಇದು ನಿಫ್ಟಿಗೆ ಬಹಳ ಹತ್ತಿರವಿರುತ್ತದೆ. ಮೂರು ಗಂಟೆ ಕಳೆದ ಮೇಲೆ ಅಗಲುತ್ತದೆ. ನಮ್ಮ ಉದಾಹರಣೆಯಲ್ಲಿ 3.15ಕ್ಕೆ 25,100ರ ಕಾಲ್ 3 ರೂಪಾಯಿ 20 ಪೈಸೆ, ಪುಟ್ 5 ರೂಪಾಯಿ 70 ಪೈಸೆ ಇರುತ್ತದೆ. 25,100ಕ್ಕೆ 3.20 ಕೂಡಿಸಿ 5.70 ಕಳೆದರೆ 25,097.50. ಪರದೆಯ ಮೇಲಿನ ಸೂಚ್ಯಂಕ 25,110. ಈ ಹನ್ನೆರಡೂವರೆ ಅಂಕಗಳ ಅಂತರವೇ ‘ಅಗ್ಗಕ್ಕೆ ಸಿಗುತ್ತಿರುವ ಕಾಲ್’ ಎಂಬ ಭ್ರಮೆಯ ಅಳತೆ. ಎಕ್ಸ್‌ಪೈರಿಯ ದಿನ ಕೊನೆಯ ಅರ್ಧ ಗಂಟೆಯಲ್ಲಿ ವ್ಯವಹರಿಸುವವರು ಸೂಚ್ಯಂಕದ ಚಾರ್ಟನ್ನು ಮುಚ್ಚಿ ಈ ಒಂದು ಅಂಕಿಯನ್ನು ನೋಡಿದರೂ ಸಾಕು ಎಂದು ನಾನು ಹೇಳುತ್ತೇನೆ. ಮಾತು ತುಸು ಕಟುವಾಯಿತು ಎನ್ನಿಸಿದರೂ ಹಿಂತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಮೂರು ಗಂಟೆಗೆ ಮೊದಲು ಚಾರ್ಟಿನ ಮಟ್ಟಗಳು ಎಂದಿನಂತೆಯೇ ಇರುತ್ತವೆಯೇ? ಅದೂ ಇಲ್ಲ, ಆದರೆ ಅದಕ್ಕೆ ಕಾರಣ ಬೇರೆ. ಅಲ್ಲಿ ಕೆಲಸ ಮಾಡುವುದು ಹೆಡ್ಜಿಂಗ್. ದೊಡ್ಡ ಪ್ರಮಾಣದಲ್ಲಿ ಆಪ್ಷನ್ ಇಟ್ಟುಕೊಂಡಿರುವ ಸಂಸ್ಥೆಗಳು ದಿಕ್ಕಿನ ಅಪಾಯವನ್ನು ಫ್ಯೂಚರ್ಸ್ ಅಥವಾ ಷೇರುಗಳಲ್ಲಿ ಸರಿದೂಗಿಸಿಕೊಳ್ಳುತ್ತವೆ. ಸೂಚ್ಯಂಕ ಒಂದು ಅಂಕ ಸರಿದಾಗ ಆಪ್ಷನ್‌ನ ಬೆಲೆ ಎಷ್ಟು ಸರಿಯುತ್ತದೆ ಎನ್ನುವುದು ಡೆಲ್ಟಾ, ಆ ಡೆಲ್ಟಾ ಎಷ್ಟು ಬದಲಾಗುತ್ತದೆ ಎನ್ನುವುದೇ ಗಾಮಾ. ಎಟಿಎಂ ಸ್ಟ್ರೈಕಿನಲ್ಲಿ ಉಳಿದ ಏರಿಳಿತ ಕುಗ್ಗಿದಂತೆಲ್ಲ ಗಾಮಾ ಹಿಗ್ಗುತ್ತದೆ. ಒಂದು ಸ್ಟ್ರೈಕಿನಲ್ಲಿ 10 ಲಕ್ಷ ಯೂನಿಟ್‌ಗಳಷ್ಟು ಆಪ್ಷನ್ ಹೆಡ್ಜ್ ಮಾಡುವವರ ಕೈಯಲ್ಲಿದೆ ಎಂದುಕೊಳ್ಳಿ. ಬೆಳಿಗ್ಗೆ ಸೂಚ್ಯಂಕ 10 ಅಂಕ ಸರಿದರೆ ಅವರು ಸುಮಾರು 54 ಕೋಟಿ ರೂಪಾಯಿ ಮೌಲ್ಯದ ನಿಫ್ಟಿ ಕೊಳ್ಳಬೇಕು ಅಥವಾ ಮಾರಬೇಕು. ಮೂರು ಗಂಟೆಯ ಹೊತ್ತಿಗೆ ಅದೇ 10 ಅಂಕಕ್ಕೆ 300 ಕೋಟಿಗೂ ಮಿಕ್ಕಿ ಬೇಕಾಗುತ್ತದೆ. ಬೆಳಿಗ್ಗೆ ಕಣ್ಣಿಗೆ ಬೀಳದ ಒಂದು ಸ್ಟ್ರೈಕ್ ಮಧ್ಯಾಹ್ನ ಸೂಚ್ಯಂಕವನ್ನೇ ಎಳೆದಾಡುವಷ್ಟು ಬಲಿಯುವುದು ಹೀಗೆ.

ಎಳೆದಾಟದ ದಿಕ್ಕು ಮಾತ್ರ ಯಾರ ಕೈಯಲ್ಲಿ ಏನಿದೆ ಎನ್ನುವುದನ್ನು ಅವಲಂಬಿಸಿದೆ. ಹೆಡ್ಜ್ ಮಾಡುವವರು ಆಪ್ಷನ್ ಕೊಂಡಿದ್ದರೆ ಸೂಚ್ಯಂಕ ಏರಿದಾಗ ಮಾರುತ್ತಾರೆ, ಇಳಿದಾಗ ಕೊಳ್ಳುತ್ತಾರೆ. ಆಗ ಸೂಚ್ಯಂಕ ಆ ಸ್ಟ್ರೈಕಿಗೆ ಅಂಟಿಕೊಳ್ಳುತ್ತದೆ, ಬ್ರೇಕ್‌ಔಟ್‌ಗಳು ಒಂದೊಂದಾಗಿ ಸೋಲುತ್ತವೆ. ಅವರು ಆಪ್ಷನ್ ಮಾರಿದ್ದರೆ ಏರಿದಾಗ ಕೊಳ್ಳಬೇಕು, ಇಳಿದಾಗ ಮಾರಬೇಕು. ಆಗ ಅದೇ ಸ್ಟ್ರೈಕ್ ತಡೆಯುವ ಬದಲು ತಳ್ಳುತ್ತದೆ, ಗೆರೆ ದಾಟಿದ ಸೂಚ್ಯಂಕ ಮುಂದಿನ 50 ಅಂಕಗಳ ಸ್ಟ್ರೈಕಿನವರೆಗೂ ಉಸಿರು ತೆಗೆದುಕೊಳ್ಳದೆ ಓಡುತ್ತದೆ. ಒಂದೇ ಮಟ್ಟ ಒಂದು ವಾರ ಗೋಡೆಯಾಗಿ, ಇನ್ನೊಂದು ವಾರ ಜಾರುಬಂಡೆಯಾಗಿ ಕಾಣುವುದಕ್ಕೆ ಬೇರೆ ನಿಗೂಢ ಕಾರಣಗಳನ್ನು ಹುಡುಕಬೇಕಾಗಿಲ್ಲ.

ಇನ್ನೂ ಮುಗಿಯದೆ ಉಳಿದಿರುವ ಒಪ್ಪಂದಗಳ ಸಂಖ್ಯೆಯಾದ ಓಪನ್ ಇಂಟರೆಸ್ಟ್ ನೋಡಿ ಇದನ್ನು ಮೊದಲೇ ತಿಳಿಯಬಹುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೆಚ್ಚು ಕಾಲ್ ಓಪನ್ ಇಂಟರೆಸ್ಟ್ ಇರುವ ಸ್ಟ್ರೈಕ್ ರೆಸಿಸ್ಟೆನ್ಸ್, ಹೆಚ್ಚು ಪುಟ್ ಇರುವುದು ಸಪೋರ್ಟ್ ಎಂದು ಪಾಠ ಹೇಳುವವರೂ ಇದ್ದಾರೆ. ಆದರೆ ಒಂದೊಂದು ಒಪ್ಪಂದಕ್ಕೂ ಒಬ್ಬ ಕೊಂಡವನು, ಒಬ್ಬ ಮಾರಿದವನು ಇರುತ್ತಾನೆ, ಓಪನ್ ಇಂಟರೆಸ್ಟ್ ಅವರಿಬ್ಬರಲ್ಲಿ ಹೆಡ್ಜ್ ಮಾಡುವವನು ಯಾರು ಎಂದು ಹೇಳುವುದಿಲ್ಲ. ದೊಡ್ಡ ಅಂಕಿ ಇರುವ ಸ್ಟ್ರೈಕಿನ ಬಳಿ ಏನೋ ಆಗಬಹುದು ಎಂದಷ್ಟೇ ಅದರಿಂದ ತಿಳಿಯುತ್ತದೆ, ಏನು ಎಂದು ತಿಳಿಯುವುದಿಲ್ಲ. ಇನ್ನೊಂದು ಎಡವಟ್ಟೂ ಇದೆ. ಉಳಿದ ದಿನಗಳಲ್ಲಿ ಓಪನ್ ಇಂಟರೆಸ್ಟ್ ಕುಸಿದರೆ ಮಾರಿದವರು ಓಡಿಹೋಗುತ್ತಿದ್ದಾರೆ, ಗೋಡೆ ಬೀಳುತ್ತಿದೆ ಎಂದು ಓದುವುದಕ್ಕೆ ಸ್ವಲ್ಪ ಆಧಾರವಿರಬಹುದು. ಎಕ್ಸ್‌ಪೈರಿಯ ಮಧ್ಯಾಹ್ನ ಅದು ಕುಸಿಯುವುದು ಸಹಜ, ಏಕೆಂದರೆ ಲಾಭದಲ್ಲಿರುವವರೂ ನಷ್ಟದಲ್ಲಿರುವವರೂ ಲೆಕ್ಕ ಮುಗಿಸಿ ಹೊರಡುತ್ತಿರುತ್ತಾರೆ.

ಮಧ್ಯಾಹ್ನದ ಓಟಕ್ಕೆ ಇನ್ನಷ್ಟು ವೇಗ ಕೊಡುವುದು ಆಪ್ಷನ್ ಮಾರಿದವರ ಸ್ಟಾಪ್‌ಲಾಸ್. ಇದು ಬೇರೆ ದಿನಗಳ ಸ್ಟಾಪ್‌ಲಾಸ್‌ನಂತೆ ಸೂಚ್ಯಂಕದ ಮಟ್ಟದ ಮೇಲೆ ಕೂತಿರುವುದಿಲ್ಲ, ಪ್ರೀಮಿಯಂ ಮೇಲೆ ಕೂತಿರುತ್ತದೆ. 12 ರೂಪಾಯಿಗೆ ಮಾರಿದ ಕಾಲ್‌ಗೆ 18 ರೂಪಾಯಿಯಲ್ಲಿ ಸ್ಟಾಪ್ ಇಟ್ಟವನಿಗೆ, ಎರಡೂಮುಕ್ಕಾಲಿನ ಹೊತ್ತಿನಲ್ಲಿ ಸೂಚ್ಯಂಕದ ಹತ್ತು ಹದಿನೈದು ಅಂಕಗಳ ಸರಿತವೇ ಸಾಕಾಗುತ್ತದೆ. ಚಾರ್ಟಿನಲ್ಲಿ ಯಾವ ಗೆರೆಯೂ ಇಲ್ಲದ ಕಡೆ ಸೂಚ್ಯಂಕ ಒಮ್ಮೆಲೇ ಚಿಮ್ಮಿತು ಎಂದು ನಮಗೆ ಕಾಣುವ ಎಷ್ಟೋ ಚಲನೆಗಳ ಹಿಂದೆ ಇಂಥ ಸ್ಟಾಪ್‌ಗಳ ಗುಂಪು ಇರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಎನ್‌ಎಸ್‌ಇ ಆಪ್ಷನ್‌ಗಳಿಗೆ ಎಸ್‌ಎಲ್-ಎಂ ಆರ್ಡರ್‌ಗಳನ್ನು, ಅಂದರೆ ಟ್ರಿಗರ್ ಆದ ಕೂಡಲೇ ಸಿಕ್ಕ ಬೆಲೆಗೆ ವಹಿವಾಟು ಮುಗಿಸುವ ಸ್ಟಾಪ್‌ಗಳನ್ನು ನಿಲ್ಲಿಸಿತು. ಈಗ ಇರುವುದು ಮಿತಿ ಬೆಲೆಯ ಸ್ಟಾಪ್ ಮಾತ್ರ. 18ಕ್ಕೆ ಟ್ರಿಗರ್, 19ಕ್ಕೆ ಮಿತಿ ಎಂದು ಇಟ್ಟಿದ್ದರೆ ಬೆಲೆ 17ರಿಂದ 22ಕ್ಕೆ ನೆಗೆದಾಗ ಟ್ರಿಗರ್ ಆಗುತ್ತದೆ, ಆರ್ಡರ್ ಮಾತ್ರ ಪುಸ್ತಕದಲ್ಲಿಯೇ ಉಳಿಯುತ್ತದೆ. ಗಾಮಾ ಹಿಗ್ಗಿರುವ ಆ ಗಂಟೆಯಲ್ಲಿ ಇಂಥ ನೆಗೆತ ಅಸಾಮಾನ್ಯವಲ್ಲ. ಆದ್ದರಿಂದ ಟ್ರಿಗರ್ ಮತ್ತು ಮಿತಿಯ ನಡುವಿನ ಅಂತರವನ್ನು ಬೆಳಗಿನ ಅಭ್ಯಾಸದಂತೆ ಇಡಬಾರದು. ಪ್ರೀಮಿಯಂನ ಚಾರ್ಟಿನ ಮೇಲೆಯೇ ಸಪೋರ್ಟ್ ಗೆರೆ ಎಳೆಯುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ನಿಮಿಷವೂ ಕರಗಲೇಬೇಕಾದ ಬೆಲೆಗೆ ಒಂದು ಗಂಟೆ ಹಿಂದಿನ ಬೆಲೆ ಆಸರೆಯಾಗಲು ಯಾವ ಕಾರಣವೂ ಇಲ್ಲ.

ಗಾಮಾದ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಚಲಾವಣೆಯಲ್ಲಿರುವ ವಿವರಣೆಗಳು ಬಹುತೇಕ ಅಮೆರಿಕದ ಮಾರುಕಟ್ಟೆಯಿಂದ ಬಂದವು. ಅಲ್ಲಿ ಎಸ್‌ ಆಂಡ್‌ ಪಿ 500 ಸೂಚ್ಯಂಕದ ವಾರದ ಮತ್ತು ದಿನದ ಆಪ್ಷನ್‌ಗಳು ಸಂಜೆಯ ಮುಕ್ತಾಯ ಬೆಲೆಗೆ ಇತ್ಯರ್ಥವಾಗುತ್ತವೆ, ಸರಾಸರಿಗೆ ಅಲ್ಲ. ಆದ್ದರಿಂದ ಅಲ್ಲಿ ಎಟಿಎಂ ಗಾಮಾ ಕೊನೆಯ ಕ್ಷಣದವರೆಗೂ ಏರುತ್ತಲೇ ಹೋಗುತ್ತದೆ. ನಮ್ಮ ನಿಫ್ಟಿಯಲ್ಲಿ, ನಾನು ಬಳಸಿದ ಲೆಕ್ಕದ ಪ್ರಕಾರ, ಅದು ಮೂರು ಗಂಟೆಗೆ ಶಿಖರ ಮುಟ್ಟಿ ನಂತರ ಇಳಿಯುತ್ತದೆ. 3.15ಕ್ಕೆ ಶಿಖರದ ಮುಕ್ಕಾಲು ಭಾಗದಷ್ಟೂ ಇರುವುದಿಲ್ಲ, 3.25ಕ್ಕೆ ಅರ್ಧಕ್ಕೂ ಕಡಿಮೆ. ಡೆಲ್ಟಾದ ಮಿತಿಯೂ ತಗ್ಗುತ್ತದೆ: 3.15ರಲ್ಲಿ ಎಷ್ಟೇ ಆಳವಾಗಿ ಲಾಭದಲ್ಲಿರುವ ಕಾಲ್ ಆದರೂ ಸೂಚ್ಯಂಕ ಒಂದು ಅಂಕ ಏರಿದರೆ ಅರ್ಧ ರೂಪಾಯಿಯಷ್ಟೇ ಏರುತ್ತದೆ. ಅಂದರೆ ಹೆಡ್ಜ್ ಆಗಿ ಇಟ್ಟುಕೊಂಡಿದ್ದ ಫ್ಯೂಚರ್ಸ್ ಮತ್ತು ಷೇರುಗಳನ್ನು 3.00ರಿಂದ 3.30ರವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕಾಗುತ್ತದೆ, ಇಲ್ಲದಿದ್ದರೆ ಆಪ್ಷನ್ ಸತ್ತ ಮೇಲೆಯೂ ಹೆಡ್ಜ್ ಉಳಿದುಬಿಡುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಸುದ್ದಿಯೇ ಇಲ್ಲದೆ ಸೂಚ್ಯಂಕ ಒಂದೇ ದಿಕ್ಕಿಗೆ ಮೆಲ್ಲನೆ ತೇಲುವುದನ್ನು ನೀವು ಕಂಡಿದ್ದರೆ, ಹೀಗೆ ಹೆಡ್ಜ್ ಬಿಚ್ಚುವ ವಹಿವಾಟು ಅದಕ್ಕೆ ಒಂದು ಸಂಭವನೀಯ ಕಾರಣ. ಅಂಥ ತೇಲುವಿಕೆಯಲ್ಲಿ ಮುರಿದ ಮಟ್ಟ ಬುಧವಾರ ಬೆಳಿಗ್ಗೆ ಮುರಿದಂತೆಯೇ ಇರಬೇಕೆಂದಿಲ್ಲ, ಏಕೆಂದರೆ ಅದನ್ನು ಮುರಿದವರಿಗೆ ಆ ಮಟ್ಟದ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ಹೆಡ್ಜಿಂಗ್ ಹೊರತಾದ ಉದ್ದೇಶಗಳ ಬಗ್ಗೆ ಸಭೆಯಲ್ಲಿ ಒಬ್ಬರು ಕೇಳಿದರು, ಕೇಳಬೇಕಾದ ಪ್ರಶ್ನೆಯೇ. 2025ರ ಜುಲೈ 3ರಂದು ಸೆಬಿ ಅಮೆರಿಕದ ವಹಿವಾಟು ಸಂಸ್ಥೆ ಜೇನ್ ಸ್ಟ್ರೀಟ್ ಸಮೂಹದ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ ಸುಮಾರು 4,843 ಕೋಟಿ ರೂಪಾಯಿಗಳನ್ನು ತಡೆಹಿಡಿಯಲು ಹೇಳಿತು. ಎಕ್ಸ್‌ಪೈರಿಯ ದಿನಗಳಲ್ಲಿ ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಷೇರು ಮತ್ತು ಫ್ಯೂಚರ್ಸ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು, ಆಪ್ಷನ್‌ಗಳಲ್ಲಿ ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ವಿರುದ್ಧ ದಿಕ್ಕಿನ ಸ್ಥಾನ ಕಟ್ಟಿ, ನಂತರ ಕೊಂಡದ್ದನ್ನು ಮಾರಲಾಯಿತು ಎನ್ನುವುದು ಅದರಲ್ಲಿನ ಒಂದು ಆರೋಪ, 2024ರ ಜನವರಿ 17 ಅದರಲ್ಲಿ ವಿವರವಾಗಿ ಪರಿಶೀಲಿಸಿದ ದಿನ. ಮುಕ್ತಾಯದ ಹೊತ್ತಿನಲ್ಲಿ ಸೂಚ್ಯಂಕವನ್ನು ಒಂದು ಕಡೆಗೆ ಒತ್ತಲಾಯಿತು ಎನ್ನುವುದು ಇನ್ನೊಂದು. ಸಂಸ್ಥೆ ಆರೋಪಗಳನ್ನು ನಿರಾಕರಿಸಿದೆ, ಆದ್ದರಿಂದ ಇವನ್ನು ಆರೋಪಗಳೆಂದೇ ಓದಬೇಕು. ಚಾರ್ಟ್ ಓದುವವನಿಗೆ ಇಲ್ಲಿ ಸಂಬಂಧಿಸಿದ ಅಂಶ ಒಂದೇ: ಆಪ್ಷನ್‌ನಲ್ಲಿ ನಿಂತಿರುವ ಹಣ ಷೇರುಗಳಲ್ಲಿ ನಡೆಯುವ ವಹಿವಾಟಿಗಿಂತ ಬಹಳ ದೊಡ್ಡದಾಗಿರುವ ದಿನ, ಷೇರಿನ ಕಡೆ ಕಾಣುವ ಕೊಳ್ಳುವಿಕೆಯನ್ನು ಕೊಳ್ಳುವ ಆಸೆ ಎಂದು ಓದುವುದು ಅಪಾಯಕಾರಿ.

ನನ್ನ ಲೆಕ್ಕದ ಮಿತಿಗಳನ್ನೂ ಹೇಳದಿದ್ದರೆ ಅದು ಅಪೂರ್ಣವಾಗುತ್ತದೆ. ಮೊದಲನೆಯದಾಗಿ, ಏರಿಳಿತ ದಿನವಿಡೀ ಸಮನಾಗಿ ಹಂಚಿಕೊಂಡಿರುತ್ತದೆ ಎಂದು ಭಾವಿಸಿದ್ದೇನೆ. ವಾಸ್ತವದಲ್ಲಿ ಬೆಳಗಿನ ಮೊದಲ ಗಂಟೆಯಲ್ಲಿಯೂ ಕೊನೆಯ ಗಂಟೆಯಲ್ಲಿಯೂ ಅದು ಹೆಚ್ಚು, ಊಟದ ಹೊತ್ತಿನಲ್ಲಿ ಕಡಿಮೆ. ಹೀಗಾಗಿ ಹನ್ನೆರಡರಿಂದ ಎರಡರವರೆಗೆ ಪ್ರೀಮಿಯಂ ನನ್ನ ಅಂಕಿಗಳಿಗಿಂತ ನಿಧಾನವಾಗಿ, ಅದರ ನಂತರ ಇನ್ನೂ ಜೋರಾಗಿ ಇಳಿಯಬಹುದು. ಎರಡನೆಯದು ಹೆಚ್ಚು ಮುಖ್ಯವಾದದ್ದು. ಸರಾಸರಿಯನ್ನು ನಾನು ನಿಮಿಷಗಳ ಸರಾಸರಿ ಎಂದು ತೆಗೆದುಕೊಂಡೆ, ನಿಯಮದಲ್ಲಿರುವುದು ವಹಿವಾಟಿನ ಪ್ರಮಾಣದ ಸರಾಸರಿ. ಕೊನೆಯ ಕೆಲವು ನಿಮಿಷಗಳಲ್ಲಿ ವಹಿವಾಟು ಹೆಚ್ಚಾದರೆ ಆ ನಿಮಿಷಗಳ ತೂಕವೂ ಹೆಚ್ಚುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ಕಾಲು ಗಂಟೆಯಲ್ಲಿ ಶೇ 40, ನಂತರದ ಹತ್ತು ನಿಮಿಷಗಳಲ್ಲಿ ಶೇ 35, ಕೊನೆಯ ಐದು ನಿಮಿಷಗಳಲ್ಲಿ ಶೇ 25 ವಹಿವಾಟು ನಡೆದಿದ್ದರೆ ಇತ್ಯರ್ಥ ಬೆಲೆ 25,099.83ರ ಬದಲು ಸುಮಾರು 25,103 ಆಗುತ್ತದೆ. ಶೂನ್ಯಕ್ಕೆ ಮುಗಿಯಬೇಕಿದ್ದ ಕಾಲ್‌ಗೆ 3 ರೂಪಾಯಿ ಸಿಗುತ್ತದೆ. 2.40ಕ್ಕೆ 9 ರೂಪಾಯಿ 70 ಪೈಸೆ ಕೊಟ್ಟವನಿಗೆ ಅದರಿಂದ ಸಮಾಧಾನವಾಗಲಿಕ್ಕಿಲ್ಲ, ಆದರೆ 3.25ಕ್ಕೆ ಮುಕ್ಕಾಲು ರೂಪಾಯಿಗೆ ಮಾರಿದವನು ಪಡೆದದ್ದರ ನಾಲ್ಕು ಪಟ್ಟು ಕೊಡಬೇಕಾಗುತ್ತದೆ. ಅತಿ ಕಡಿಮೆ ಪ್ರೀಮಿಯಂನ ಆಪ್ಷನ್‌ಗಳನ್ನು ಕೊನೆಯ ನಿಮಿಷಗಳಲ್ಲಿ ಮಾರುವುದು ಸುಲಭದ ಹಣ ಎಂದು ಹೇಳುವವರು ಈ ತೂಕದ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಕೊನೆಯದಾಗಿ, ಇದೆಲ್ಲವೂ ಅರ್ಧ ಗಂಟೆಯ ಸರಾಸರಿ ಎಂಬ ಪದ್ಧತಿಯ ಮೇಲೆ ನಿಂತಿದೆ. ಮುಕ್ತಾಯ ಬೆಲೆಯನ್ನು ಸರಾಸರಿಯ ಬದಲು ಹರಾಜಿನ ಮೂಲಕ ನಿರ್ಧರಿಸುವ ಬಗ್ಗೆ ಸೆಬಿ 2025ರಲ್ಲಿ ಸಮಾಲೋಚನಾ ಪತ್ರ ಹೊರಡಿಸಿದೆ. ಆಪ್ಷನ್‌ನ ಇತ್ಯರ್ಥವೂ ಹರಾಜಿನ ಬೆಲೆಗೆ ಆಗುವ ವ್ಯವಸ್ಥೆ ಬಂದರೆ, 3.20ರ ಜಿಗಿತಕ್ಕೂ 2.20ರ ಜಿಗಿತಕ್ಕೂ ಒಂದೇ ತೂಕ ಇರುತ್ತದೆ. ಎಟಿಎಂ ಆಪ್ಷನ್ ಮೂರು ಗಂಟೆಗೆ 12 ರೂಪಾಯಿಗೆ ಇಳಿಯದೆ 21ರ ಸುತ್ತಮುತ್ತ ಉಳಿಯುತ್ತದೆ, ಗಾಮಾ ಮೂರು ಗಂಟೆಯ ನಂತರ ತಗ್ಗುವ ಬದಲು ಹರಾಜಿನವರೆಗೂ ಏರುತ್ತಲೇ ಹೋಗುತ್ತದೆ, ಕೊನೆಯ ನಿಮಿಷಗಳಲ್ಲಿ ಸ್ಟ್ರೈಕಿನ ಬಳಿ ನಿಂತ ಸೂಚ್ಯಂಕದ ಒಂದೊಂದು ಅಂಕಕ್ಕೂ ಹೆಡ್ಜ್ ಮಾಡುವವರು ಈಗಿನದಕ್ಕಿಂತ ಹೆಚ್ಚು ಹಣ ಸುರಿಯಬೇಕಾಗುತ್ತದೆ. ಆಗ ಮೂರು ಗಂಟೆಯ ನಂತರವೂ ಚಾರ್ಟು ಮತ್ತು ಆಪ್ಷನ್ ಒಂದೇ ಅಂಕಿಯನ್ನು ನೋಡುತ್ತಿರುತ್ತವೆ. ಆದರೆ ಆ ಅಂಕಿಯನ್ನು ಹರಾಜಿಗೆ ಮುಂಚಿನ ನಿಮಿಷಗಳಲ್ಲಿ ಯಾವ ಸ್ಟ್ರೈಕ್ ಎಳೆಯುತ್ತಿದೆ ಎನ್ನುವ ಪ್ರಶ್ನೆ ಈಗಿನದಕ್ಕಿಂತ ತೀಕ್ಷ್ಣವಾಗಿರುತ್ತದೆ.